ಸುಡದೆ ಉಳಿದ ಮೂಟೆಗಳನ್ನೂ ನಾನು ಎಣಿಸುವುದು ಯಾಕೆ

ನಾನು ಚಿಕ್ಕಮಗಳೂರು ಜಿಲ್ಲೆಯಲ್ಲಿ ಇನ್ಶುರೆನ್ಸ್ ಸರ್ವೇಯರ್. ಬೆಂಕಿ ಬಿದ್ದ ಗೋಡೌನಿಗೆ ಹೋದಾಗ ಮೊದಲು ಸುಡದೆ ಉಳಿದ ಮಾಲನ್ನು ಎಣಿಸುತ್ತೇನೆ. ಮೂಡಿಗೆರೆ ಕಡೆಯ ಒಬ್ಬ ಕಾಫಿ ವ್ಯಾಪಾರಿಗೆ ಇದು ವಿಚಿತ್ರ ಅನ್ನಿಸಿತು. "ಸಾರ್, ಸುಟ್ಟಿದ್ದು ಆ ಮೂಲೇಲಿ. ಈ ಕಡೆ ಅಟ್ಟಿಗೆ ಏನೂ ಆಗಿಲ್ಲ, ಅದನ್ನ ಯಾಕೆ ಎಣಿಸ್ತೀರಿ?" ಎಂದರು. "ಗೌಡ್ರೇ, ನಿಮಗೆ ಬರೋ ದುಡ್ಡು ಇದರ ಮೇಲೂ ನಿಂತಿದೆ" ಎಂದೆ.

ಅವರ ಗೋಡೌನಿನಲ್ಲಿ ಇದ್ದದ್ದು ರೋಬಸ್ಟಾ ಚೆರ್ರಿ, 50 ಕೆ.ಜಿ.ಯ ಮೂಟೆಗಳು. ಸ್ಟಾಕ್ ರಿಜಿಸ್ಟರ್, ಖರೀದಿ ಬಿಲ್ಲು, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಅಂಕಿಗಳನ್ನು ದುಂಡಾಗಿಸುತ್ತೇನೆ. ಬೆಂಕಿ ಬೀಳುವ ಮುಂಚೆ 500 ಮೂಟೆ ಇತ್ತು. ಪಾಲಿಸಿ ಮಾಡಿಸಿದಾಗ ಮೂಟೆಗೆ 6,000 ರೂಪಾಯಿ ಹಿಡಿದು 30 ಲಕ್ಷಕ್ಕೆ ಮಾಡಿಸಿದ್ದರು. ಆಮೇಲೆ ಕಾಫಿ ರೇಟು ಏರಿತು. ಬೆಂಕಿ ಬಿದ್ದ ವಾರದ ಸ್ಥಳೀಯ ಬಿಲ್ಲುಗಳಲ್ಲಿ ಮೂಟೆಗೆ 10,000 ಇತ್ತು. ಅಂದರೆ ಅವತ್ತು ಗೋಡೌನಿನಲ್ಲಿದ್ದ ಮಾಲು 50 ಲಕ್ಷದ್ದು. ಪಾಲಿಸಿ ಮಾತ್ರ 30 ಲಕ್ಷದ್ದೇ.

80 ಮೂಟೆ ಪೂರ್ತಿ ಸುಟ್ಟಿತ್ತು, ಅದು 8 ಲಕ್ಷ. ಇನ್ನು 40 ಮೂಟೆ ಹೊಗೆ ಹಿಡಿದು, ಫೈರ್ ಎಂಜಿನ್ ನೀರಿಗೆ ನೆಂದಿತ್ತು. ಅದನ್ನು ಅರ್ಧ ರೇಟಿಗೆ ಮಾರಿಸಿದ್ದರಿಂದ ಅಲ್ಲಿ ನಷ್ಟ 2 ಲಕ್ಷಕ್ಕೆ ನಿಂತಿತು. ಒಟ್ಟು ನಷ್ಟ 10 ಲಕ್ಷ.

ಗೌಡರ ಲೆಕ್ಕ ಸರಳವಾಗಿತ್ತು: 30 ಲಕ್ಷದ ಪಾಲಿಸಿ ಇದೆ, 10 ಲಕ್ಷ ಹೋಗಿದೆ, 10 ಲಕ್ಷ ಬರಬೇಕು. ಬಹಳ ಜನ ಹೀಗೇ ತಿಳಿದಿರುತ್ತಾರೆ. ಆದರೆ ಪಾಲಿಸಿಯ ಷರತ್ತುಗಳಲ್ಲಿ ಆವರೇಜ್ ಕ್ಲಾಸ್ ಅಂತ ಒಂದಿದೆ. ನಷ್ಟವಾದ ದಿನ ಮಾಲಿನ ಬೆಲೆ ವಿಮೆಯ ಮೊತ್ತಕ್ಕಿಂತ ಜಾಸ್ತಿ ಇದ್ದರೆ, ಆ ವ್ಯತ್ಯಾಸದ ಪಾಲಿಗೆ ಮಾಲೀಕನೇ ತನಗೆ ತಾನು ವಿಮೆದಾರ ಎಂದು ಅದು ಹೇಳುತ್ತದೆ. 50ರಲ್ಲಿ 30ಕ್ಕೆ ಕಂಪನಿ ಪ್ರೀಮಿಯಂ ಪಡೆದಿದೆ, ಉಳಿದ 20ರ ಹೊಣೆ ಗೌಡರದ್ದು. ಹಾಗಾಗಿ ಎಷ್ಟೇ ಸುಟ್ಟರೂ ಆ ನಷ್ಟವನ್ನು ಇಬ್ಬರೂ ಇದೇ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು.

10 ಲಕ್ಷ × 30 ÷ 50 = 6 ಲಕ್ಷ.

ಇದರಲ್ಲಿ ಎಕ್ಸೆಸ್ ಅಂತ, ಅಂದರೆ ಪ್ರತಿ ಕ್ಲೇಮಿನಲ್ಲೂ ಮಾಲೀಕನೇ ಹೊರಬೇಕಾದ ಪಾಲು ಅಂತ, ಇನ್ನೊಂದಿಷ್ಟು ಕಳೆಯುತ್ತಾರೆ. ಸುಡದೆ ಉಳಿದ 380 ಮೂಟೆ ಎಣಿಸದಿದ್ದರೆ ಈ 50 ಅನ್ನೋ ಅಂಕಿ ಸಿಗುತ್ತಲೇ ಇರಲಿಲ್ಲ, ಅಲ್ವಾ? ನಾಲ್ಕು ಲಕ್ಷ ಕೈಬಿಟ್ಟು ಹೋಯಿತು ಎಂದು ಗೌಡರಿಗೆ ಹೇಳುವಾಗ ನನಗೂ ಸಂಕಟವಾಯಿತು. ಮಾಲು ಕಮ್ಮಿ ತೋರಿಸಿ ಬರೆಯಿರಿ ಅಂತ ಅವರು ಕೇಳಲಿಲ್ಲ, ಕೇಳಿದ್ದರೂ ರಿಜಿಸ್ಟರ್ ಮತ್ತು ಸ್ಟಾಕ್ ಸ್ಟೇಟ್‌ಮೆಂಟ್ ಎದುರಿಗೇ ಇದ್ದವು.

ವಿಮೆಯ ಮೊತ್ತ ಮಾಲಿನ ಬೆಲೆಗೆ ಎಷ್ಟು ಹತ್ತಿರ ಇದ್ದಿದ್ದರೆ ಸಾಕಿತ್ತು ಅನ್ನುವುದೂ ತಿಳಿದಿರಲಿ. 2021ರ ಏಪ್ರಿಲ್ 1ರಿಂದ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ 15% ವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೌಡರ ಪಾಲಿಸಿ ಇದೇ. 42.5 ಲಕ್ಷಕ್ಕೆ ಏರಿಸಿದ್ದರೂ ಆವರೇಜ್ ಬೀಳುತ್ತಿರಲಿಲ್ಲ. ಅವರ ಕೊರತೆ 40% ಇತ್ತು. (ಮನೆಗೆ ಮಾಡಿಸುವ ಭಾರತ್ ಗೃಹ ರಕ್ಷಾದಲ್ಲಿ ಈ ಆವರೇಜ್ ಇಲ್ಲ. ಗೋಡೌನು, ಅಂಗಡಿಯವರಿಗೆ ಆ ವಿನಾಯಿತಿ ಅನ್ವಯಿಸದು.)

ಗೌಡರು ಇನ್ನೊಂದು ಪ್ರಶ್ನೆ ಕೇಳಿದರು. ಕಟ್ಟಡಕ್ಕೆ 20 ಲಕ್ಷ ಬರೆಸಿದ್ದರು. ಅದರಲ್ಲಿ ಜಾಗದ ಬೆಲೆಯನ್ನೂ ಸೇರಿಸಿದ್ದರು. ಜಾಗ ಸುಡುವುದಿಲ್ಲ, ಅದಕ್ಕೆ ವಿಮೆಯೂ ಇಲ್ಲ. ಬರೀ ಕಟ್ಟಡ ಮತ್ತೆ ಕಟ್ಟಲು 15 ಲಕ್ಷ ಸಾಕಿತ್ತು. "ಆ ಐದು ಲಕ್ಷ ಮಾಲಿನ ಕಡೆ ಹಾಕ್ಕೊಳ್ಳಿ ಸಾರ್" ಎಂದರು. ಆಗುವುದಿಲ್ಲ. ಪಾಲಿಸಿಯಲ್ಲಿ ಕಟ್ಟಡ, ಮೆಷಿನರಿ, ಸ್ಟಾಕ್ ಬೇರೆ ಬೇರೆ ಸಾಲಿನಲ್ಲಿರುತ್ತವೆ, ಒಂದೊಂದಕ್ಕೂ ಆವರೇಜ್ ಬೇರೆಯಾಗಿ ನೋಡುತ್ತಾರೆ. ಒಂದರ ಹೆಚ್ಚುವರಿ ಇನ್ನೊಂದರ ಕೊರತೆ ತುಂಬುವುದಿಲ್ಲ.

ಈ ಕೊರತೆ ಹುಟ್ಟುವ ಇನ್ನೊಂದು ಜಾಗ ಸಾಲ. ಕೆಲವು ಸಲ ಬ್ಯಾಂಕಿನವರು ಸಾಲದ ಮೊತ್ತಕ್ಕಷ್ಟೇ ಪಾಲಿಸಿ ಮಾಡಿಸಿರುತ್ತಾರೆ. ಅವರ ದುಡ್ಡಿಗೆ ಅಷ್ಟು ಸಾಕು ಅನ್ನಿಸಬಹುದು, ನಿಮ್ಮ ಮಾಲಿಗೆ ಸಾಲದು.

ಆಮೇಲೆ ಗೌಡರ ಜೊತೆ ಕೂತು ಹೊಸ ಮೊತ್ತ ಲೆಕ್ಕ ಹಾಕಿದೆವು. ವರ್ಷದ ಸರಾಸರಿ ಹಿಡಿಯಲಿಲ್ಲ. ಕೊಯ್ಲು ಮುಗಿದು ಗೋಡೌನು ತುಂಬಿ ತುಳುಕುವ ತಿಂಗಳಲ್ಲಿ ಎಷ್ಟು ಮೂಟೆ ಇರುತ್ತದೆ ಅಂತ ಹಳೇ ರಿಜಿಸ್ಟರಿನಲ್ಲಿ ಹುಡುಕಿ, ಅದನ್ನು ಈಗಿನ ರೇಟಿನಿಂದ ಗುಣಿಸಿದೆವು. ನಡುವೆ ರೇಟು ಏರಿದರೆ ರಿನ್ಯೂವಲ್‌ವರೆಗೆ ಕಾಯಬೇಕಿಲ್ಲ. ಮೊತ್ತ ಹೆಚ್ಚಿಸಿ ಎಂದು ಕಂಪನಿಗೆ ಬರೆದು, ಉಳಿದ ದಿನಗಳ ಪ್ರೀಮಿಯಂ ಕಟ್ಟಿದರೆ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯ ತಿದ್ದುಪಡಿ ಪತ್ರ, ಕೊಡುತ್ತಾರೆ. ಕೈಗೆ ಬಂದ ಮೇಲೆ ಅದರಲ್ಲಿ ಎರಡು ನೋಡಿ: ಹೊಸ ಮೊತ್ತ ಸ್ಟಾಕ್ ಸಾಲಿನಲ್ಲೇ ಇದೆಯೇ, ಯಾವ ದಿನಾಂಕದಿಂದ ಜಾರಿ ಎಂದಿದೆ. ಆ ದಿನಾಂಕಕ್ಕಿಂತ ಮೊದಲು ಬಿದ್ದ ಬೆಂಕಿಗೆ ಹಳೇ ಮೊತ್ತದ ಮೇಲೆಯೇ ಲೆಕ್ಕ ಹಾಕುತ್ತೇವೆ.