ಬೈಲಾ ಇಂಗ್ಲಿಷಿಗೆ ಮಾಡಿದ ನನ್ನ ಅನುಭವ

ಶ್ರೀನಿವಾಸಪುರ ಕಡೆಯ ಮಾವು ಬೆಳೆಗಾರರ ಸಂಘ ನಮ್ಮದು. ಗೋದಾಮಿಗೆ ಹಣ ಕೊಡುವ ಸಂಸ್ಥೆಯವರು ಬೈಲಾ ಇಂಗ್ಲಿಷಿನಲ್ಲಿ ಬೇಕು ಅಂದರು. ಮೊದಲು ಬೆಂಗಳೂರಿನ ಒಂದು ಏಜೆನ್ಸಿಗೆ ಕೊಟ್ಟೆವು. ಪುಟಕ್ಕೆ ಮುನ್ನೂರು ಚಿಲ್ಲರೆ, ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಹೋಯಿತು. ಇಂಗ್ಲಿಷ್ ಚೆನ್ನಾಗಿಯೇ ಇತ್ತು. ಆದರೂ ಆ ಸಂಸ್ಥೆಯ ವಕೀಲರು ವಾಪಸ್ ಕಳಿಸಿದರು. ನಾನೇ ಮಾಡುತ್ತೇನೆ ಅಂದಾಗ ನಿರ್ದೇಶಕರಲ್ಲಿ ಅರ್ಧ ಜನ ನಂಬಲಿಲ್ಲ.

ತೊಂದರೆ ಇದ್ದದ್ದು ಕನ್ನಡ ಪ್ರತಿಯಲ್ಲೇ. ನಮ್ಮ ಬೈಲಾ ಪುಸ್ತಕದಲ್ಲಿ ಹಳೆಯ ಅಚ್ಚಿನ ಮೇಲೆ ತಿದ್ದುಪಡಿ ಚೀಟಿಗಳನ್ನು ಅಂಟಿಸಿದ್ದರು. ಏಜೆನ್ಸಿಯವರು ಕಂಡದ್ದನ್ನೆಲ್ಲ ಅನುವಾದ ಮಾಡಿದ್ದರು. ಆದರೆ 1959ರ ಸಹಕಾರ ಸಂಘಗಳ ಕಾಯ್ದೆಯ 12ನೇ ಪ್ರಕರಣದ ಪ್ರಕಾರ, ತಿದ್ದುಪಡಿ ನೋಂದಣಿ ಆಗುವವರೆಗೆ ಅದಕ್ಕೆ ಬೆಲೆ ಇಲ್ಲ. ಮಹಾಸಭೆ ಒಪ್ಪಿದರಷ್ಟೇ ಸಾಲದು.

ಹಾಗಾಗಿ ಸಹಾಯಕ ನಿಬಂಧಕರ ಕಚೇರಿಯಿಂದ ದೃಢೀಕೃತ ಪ್ರತಿ ತಂದೆ. ಪ್ರತಿ ಚೀಟಿಯ ಎದುರು ಮಹಾಸಭೆಯ ದಿನಾಂಕ, ನೋಂದಣಿ ಆದೇಶದ ನಂಬರು ಬರೆಯುತ್ತಾ ಹೋದೆ. ಸಂಘ ಹೊರಗಿನಿಂದ ತರಬಹುದಾದ ಸಾಲದ ಮಿತಿಯ ಹತ್ತಿರ ತಪ್ಪು ಸಿಕ್ಕಿಬಿತ್ತು. ಅಚ್ಚಿನಲ್ಲಿ ಷೇರು ಧನ ಮತ್ತು ಆಪದ್ಧನದ ಐದು ಪಟ್ಟು, ಚೀಟಿಯಲ್ಲಿ ಎಂಟು ಪಟ್ಟು. ನಡಾವಳಿ ಪುಸ್ತಕದಲ್ಲಿ ಠರಾವು ಇದೆ, ಆದೇಶ ಇಲ್ಲ. ಕಚೇರಿಯವರು ಕೇಳಿದ್ದ ಸ್ಪಷ್ಟನೆಗೆ ನಮ್ಮ ಕಡೆಯಿಂದ ಉತ್ತರವೇ ಹೋಗಿರಲಿಲ್ಲ.

"ಎಂಟು ಅಂತ ನಾವೇ ತೀರ್ಮಾನ ಮಾಡಿದ್ದೀವಲ್ಲ, ಹಾಗೇ ಹಾಕಿ" ಅಂದರು ಅಧ್ಯಕ್ಷರು. ನಾನು ಒಪ್ಪಲಿಲ್ಲ. ಇಂಗ್ಲಿಷಿನಲ್ಲಿ ಐದು ಅಂತಲೇ ಹಾಕಿ, ಎಂಟರ ಠರಾವು ನೋಂದಣಿಗೆ ಬಾಕಿ ಅಂತ ಕೆಳಗೆ ಟಿಪ್ಪಣಿ ಕೊಟ್ಟೆ. ವಕೀಲರು ಹುಡುಕುತ್ತಿದ್ದದ್ದೂ ಅದನ್ನೇ. ಮಿತಿ ಮೀರಿ ಸಾಲ ಕೊಟ್ಟರೆ ನಾಳೆ ವಸೂಲಿಯಲ್ಲಿ ತಕರಾರು ಬರುತ್ತದೆ, ಅಲ್ವಾ?

ಭಾಷೆಯ ಕೆಲಸ ಆಮೇಲೆ ಸಲೀಸಾಯಿತು. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಎರಡಕ್ಕೂ ಒಂದೇ ಕ್ರಮಸಂಖ್ಯೆ. ಉಪಖಂಡಗಳನ್ನು ಒಡೆಯಲೂ ಇಲ್ಲ, ಸೇರಿಸಲೂ ಇಲ್ಲ. ಲಾಭ ಹಂಚಿಕೆಯಂಥ ಕಡೆ ನಮ್ಮ ಬೈಲಾ ಕಾಯ್ದೆಯನ್ನೇ ಅನುಸರಿಸಿದೆ. ಅಲ್ಲಿ 57ನೇ ಪ್ರಕರಣದ ಇಂಗ್ಲಿಷ್ ಮಾತುಗಳನ್ನೇ ತೆಗೆದುಕೊಂಡೆ, ಸ್ವಂತ ಪದ ಕಟ್ಟಲಿಲ್ಲ.

ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಕನ್ನಡ ಪ್ರತಿ ನೋಡದ ಒಬ್ಬ ನಿವೃತ್ತ ಮೇಷ್ಟ್ರಿಗೆ ಇಂಗ್ಲಿಷ್ ಓದಿಸಿ, ಕನ್ನಡದಲ್ಲಿ ಹೇಳಿಸಿದೆ. ನಿರ್ದೇಶಕರ ಅನರ್ಹತೆಯ ಖಂಡದಲ್ಲಿ ಅವರು ತಡವರಿಸಿದರು. 'ಪರಂತು' ಇಂದ ಶುರುವಾಗುವ ವಾಕ್ಯ ಯಾವ ಉಪಖಂಡಕ್ಕೆ ಸೇರಿದ್ದು ಅಂತ ಗೊತ್ತಾಗುತ್ತಿರಲಿಲ್ಲ. ಅದನ್ನು ಆಯಾ ಉಪಖಂಡದ ಕೆಳಗೇ ಒಳಸರಿಸಿ ಬರೆದೆ.

ಟೈಪಿಂಗು, ಜೆರಾಕ್ಸು, ಬಸ್ ಚಾರ್ಜು ಸೇರಿ ನಾಲ್ಕು ಸಾವಿರ ದಾಟಿರಲಿಕ್ಕಿಲ್ಲ. ವಕೀಲರು ಎರಡು ಸಣ್ಣ ಪ್ರಶ್ನೆ ಕೇಳಿ ಒಪ್ಪಿಕೊಂಡರು. ನೋಂದಾಯಿತ ಕನ್ನಡ ಪ್ರತಿಯೇ ಅಂತಿಮ ಅನ್ನುವ ಸಾಲನ್ನು ಮೊದಲ ಪುಟದಲ್ಲಿ ಹಾಕಿ, ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಸಿಕೊಂಡೇ ಕಳಿಸಿದ್ದೆ. ಎಂಟು ಪಟ್ಟಿನ ಫೈಲಿಗೂ ಈಗ ಉತ್ತರ ಹೋಗಿದೆ.