ವೈನ್ ತಲೆನೋವು: ಸಲ್ಫೈಟ್ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ

ರೆಡ್ ವೈನ್ ಕುಡಿದು ತಲೆ ಸಿಡಿದರೆ ಎಲ್ಲರೂ ಬೈಯುವುದು ವೈನ್ ಕೆಡದಂತೆ ಸೇರಿಸುವ ಸಲ್ಫೈಟನ್ನು. ಆದರೆ ಸಾಮಾನ್ಯವಾಗಿ ವೈಟ್ ವೈನ್‌ನಲ್ಲೇ ಸಲ್ಫೈಟ್ ಜಾಸ್ತಿ. ಕಿತ್ತಳೆ ಬಣ್ಣ ಉಳಿದಿರುವ ಒಣ ಏಪ್ರಿಕಾಟ್‌ನಲ್ಲಿ ಇನ್ನೂ ಜಾಸ್ತಿ. ಅವೆರಡೂ ನಿಮಗೆ ಒಗ್ಗುತ್ತವೆ, ರೆಡ್ ವೈನ್‌ಗೆ ಮಾತ್ರ ತಲೆನೋವು ಬಂದು ಮೂಗು ಕಟ್ಟುತ್ತದೆ ಅಂದರೆ ಹಿಸ್ಟಮಿನ್ ಎಂಬ ರಾಸಾಯನಿಕದ ಮೇಲೆ ಅನುಮಾನ ಪಡಿ. ಹುದುಗುವಾಗ ಹುಟ್ಟುವ ಇದು ಕೆಲವು ಬಿಯರ್‌ಗಳಲ್ಲೂ ಇರುತ್ತದೆ. ಕರುಳಿನಲ್ಲಿ ಇದನ್ನು ಒಡೆಯುವ ಕಿಣ್ವಕ್ಕೆ ಆಲ್ಕೋಹಾಲ್ ಬೇರೆ ಅಡ್ಡಿ ಮಾಡುತ್ತದೆ. ಬರೀ ಆಲ್ಕೋಹಾಲೇ ತಲೆನೋವು ತರಬಲ್ಲದು, ಅದು ಬೇರೆ ಮಾತು.

ಸಲ್ಫೈಟ್‌ನ ನಿಜವಾದ ಕಾಟ ಆಸ್ತಮಾ ಇರುವ ಕೆಲವರಿಗೆ. ಕುಡಿದ ಕೆಲವೇ ನಿಮಿಷಗಳಲ್ಲಿ ಎದೆ ಬಿಗಿದು ಉಸಿರು ಸುಂಯ್‌ಗುಡುತ್ತದೆ. ಅಂಥವರು ಏಪ್ರಿಕಾಟ್ ತಿಂದು ಪರೀಕ್ಷಿಸಲೇಬೇಡಿ, ವೈದ್ಯರನ್ನೇ ಕೇಳಿ. 'ಸಲ್ಫೈಟ್ ಸೇರಿಸಿಲ್ಲ' ಎಂಬ ಲೇಬಲ್ಲನ್ನೂ ನಂಬಿ ಕೂರಬೇಡಿ. ಯೀಸ್ಟ್ ತಾನೇ ಸ್ವಲ್ಪ ಸಲ್ಫೈಟ್ ತಯಾರಿಸುತ್ತದೆ.