ಸ್ಲೈಡ್ ಗಿಜಿಗಿಜಿ ಅನ್ನಿಸದಿರಲು ಖಾಲಿ ಜಾಗವನ್ನು ಒಂದೇ ಕಡೆ ಸೇರಿಸಿ

ಬಡಾವಣೆ ಸಂಘದ ಸಭೆಗೆ ಮಳೆನೀರು ಕೊಯ್ಲಿನ ಬಗ್ಗೆ ಒಂದು ಸ್ಲೈಡ್ ಮಾಡಿದ್ದೀರಿ ಎಂದುಕೊಳ್ಳೋಣ. ಮೇಲೆ ನಡುವಿನಲ್ಲಿ ಶೀರ್ಷಿಕೆ, ಅದರ ಎಡಕ್ಕೆ ಸಂಘದ ಲೋಗೋ. ಕೆಳಗೆ ಎಡಗಡೆ ಏಳು ಬುಲೆಟ್ ಸಾಲು. ಬಲಗಡೆ ಒಂದರ ಕೆಳಗೊಂದು ಎರಡು ಫೋಟೊ, ಒಂದು ಚಾವಣಿಯ ಪೈಪಿನದು, ಇನ್ನೊಂದು ಫಿಲ್ಟರ್ ಡ್ರಮ್ಮಿನದು. ನೋಡಿದ ಕೂಡಲೇ ಗಿಜಿಗಿಜಿ ಅನ್ನಿಸುತ್ತದೆ. ಬಲಕ್ಕೆ ವಾಲಿದ ಹಾಗೂ ಕಾಣುತ್ತದೆ.

ಹಾಗಂತ ಅಲ್ಲಿ ಖಾಲಿ ಜಾಗ ಇಲ್ಲವೇ? ಇದೆ, ಬೇಕಾದಷ್ಟಿದೆ. ಶೀರ್ಷಿಕೆಯ ಬಲಕ್ಕೆ ಒಂದು ತುಂಡು, ಬುಲೆಟ್‌ಗಳಿಗೂ ಫೋಟೊಗಳಿಗೂ ನಡುವೆ ಒಂದು ಪಟ್ಟಿ, ಎರಡು ಫೋಟೊಗಳ ಮಧ್ಯೆ ಇನ್ನೊಂದು ಸಂದು. ಚೂರುಚೂರಾಗಿರುವುದರಿಂದ ಅದು ಯಾರ ಕಣ್ಣಿಗೂ ಜಾಗವಾಗಿ ಕಾಣುವುದಿಲ್ಲ. ಅಷ್ಟೇ ಜಾಗವನ್ನು ಒಂದೇ ಕಡೆ ಕೂಡಿಸಿದರೆ ಸ್ಲೈಡ್ ಹಗುರಾಗುತ್ತದೆ. ಪವರ್‌ಪಾಯಿಂಟ್‌ನಲ್ಲಿ ಇದನ್ನು ಮಾಡುವ ಬಗೆ ನೋಡೋಣ. ಬೇರೆ ತಂತ್ರಾಂಶ ಬಳಸುವವರಿಗೆ ಮೆನು ಬೇರೆ ಇರಬಹುದು, ಲೆಕ್ಕಾಚಾರ ಇದೇ.

1. ಅಂಚನ್ನು ಮೊದಲು ಕಟ್ಟಿ

ಈಗಿನ ಅಗಲದ ಸ್ಲೈಡ್ 33.87 ಸೆಂ.ಮೀ. ಅಗಲ, 19.05 ಸೆಂ.ಮೀ. ಎತ್ತರ ಇರುತ್ತದೆ. `Alt+F9` ಒತ್ತಿದರೆ ಸ್ಲೈಡಿನ ನಡುವೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಕಾಣುತ್ತವೆ. ಇವು ನಮಗೆ ಮಾತ್ರ ಕಾಣುವ ಗೆರೆಗಳು, ಪರದೆಯ ಮೇಲೆ ಬರುವುದಿಲ್ಲ. `Ctrl` ಹಿಡಿದುಕೊಂಡು ಗೆರೆಯನ್ನು ಎಳೆದರೆ ಅದರ ಪ್ರತಿ ಹುಟ್ಟುತ್ತದೆ. ಎಳೆಯುವಾಗ ಕಾಣುವ ಅಂಕಿ ಸ್ಲೈಡಿನ ನಡುವಿನಿಂದ ಎಷ್ಟು ದೂರ ಎಂಬುದು. ಎಡಬಲಕ್ಕೆ 15ರಲ್ಲಿ, ಮೇಲೆ ಕೆಳಗೆ 8ರಲ್ಲಿ ಒಂದೊಂದು ಗೆರೆ ಇಡಿ. ಬದಿಗಳಲ್ಲಿ ಸುಮಾರು 2 ಸೆಂ.ಮೀ., ಮೇಲೆ ಕೆಳಗೆ ಒಂದೂವರೆ ಸೆಂ.ಮೀ. ಅಂಚು ಉಳಿಯುತ್ತದೆ. ಅಕ್ಷರ ಯಾವುದೂ ಈ ಗೆರೆ ದಾಟಬಾರದು.

ಫೋಟೊಗೆ ಮಾತ್ರ ಎರಡು ದಾರಿ. ಗೆರೆಯ ಒಳಗೇ ನಿಲ್ಲಬೇಕು, ಇಲ್ಲವೇ ಸ್ಲೈಡಿನ ತುದಿಯವರೆಗೂ ಪೂರ್ತಿ ಹೋಗಬೇಕು. ತುದಿಗೆ ಅರ್ಧ ಸೆಂ.ಮೀ. ಬಿಟ್ಟು ನಿಲ್ಲಿಸಿದರೆ ಕೈತಪ್ಪಿ ಹಾಗಾದಂತೆ ಕಾಣುತ್ತದೆ.

2. ಒಂದು ಮಾತು ಉಳಿಸಿ, ಮಿಕ್ಕಿದ್ದನ್ನು ಕೆಳಗಿಳಿಸಿ

ಏಳು ಬುಲೆಟ್‌ಗಳಲ್ಲಿ ಸಭೆಗೆ ನಿಜಕ್ಕೂ ಬೇಕಾದದ್ದು ಯಾವುದು? ನನ್ನನ್ನು ಕೇಳಿದರೆ, ನೀರು ಎಷ್ಟು ಸಿಗುತ್ತದೆ ಎಂಬುದು. 1,000 ಚದರಡಿ ಚಾವಣಿ ಎಂದರೆ ಸುಮಾರು 93 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆಯಾಗುತ್ತದೆ. ನೂರಕ್ಕೆ 20 ಭಾಗ ಪೋಲಾಯಿತು ಎಂದಿಟ್ಟುಕೊಂಡರೂ 70 ಸಾವಿರ ಲೀಟರ್ ಕೈಗೆ ಬರುತ್ತದೆ. ಸ್ಲೈಡಿನ ಮೇಲೆ ಈ ಒಂದು ಅಂಕಿ ಸಾಕು. ಪೈಪಿನ ಅಳತೆ, ಫಿಲ್ಟರಿನ ಬೆಲೆ, ತೊಳೆಯುವ ವಿಧಾನ ಎಲ್ಲ ಕೆಳಗಿನ `Notes` ಜಾಗಕ್ಕೆ ಹೋಗಲಿ. ಅವನ್ನು ನೀವು ಬಾಯಿಂದಲೇ ಹೇಳಬಹುದು, ಅಲ್ವಾ?

ಇಲ್ಲಿ ಒಂದು ಎಚ್ಚರಿಕೆ. ಪವರ್‌ಪಾಯಿಂಟ್‌ನ ಸಿದ್ಧ ಚೌಕದಲ್ಲಿ ಸಾಲು ಜಾಸ್ತಿಯಾದಾಗ ಅದು ಅಕ್ಷರವನ್ನು ಸುಮ್ನೆ ಕುಗ್ಗಿಸಿಬಿಡುತ್ತದೆ. ಎಲ್ಲವೂ ಹಿಡಿಸಿತು ಎಂದು ನಮಗೆ ಸಮಾಧಾನ, ಹಿಂದಿನ ಸಾಲಿನವರಿಗೆ ಓದಲು ಆಗುವುದಿಲ್ಲ. ಚೌಕದ ಮೇಲೆ ಬಲ ಕ್ಲಿಕ್ ಮಾಡಿ, `Format Shape` ತೆರೆದು, ಅಕ್ಷರ ಚೌಕದ ಆಯ್ಕೆಗಳಲ್ಲಿ `Do not Autofit` ಆರಿಸಿ. ಆಗ ಹೆಚ್ಚಾದ ಸಾಲು ಚೌಕದ ಹೊರಗೆ ಚೆಲ್ಲುತ್ತದೆ. ಚೆಲ್ಲಲಿ. ಎಷ್ಟು ತೆಗೆಯಬೇಕು ಎಂಬುದು ಆಗಲೇ ಗೊತ್ತಾಗುವುದು.

3. ಭಾರ ಎಲ್ಲಿದೆ ನೋಡಿ

ಕಣ್ಣಿಗೆ ಭಾರವಾಗುವುದು ದೊಡ್ಡದು, ಕಡುಬಣ್ಣದ್ದು, ಮತ್ತು ಫೋಟೊ. ಮನುಷ್ಯರ ಮುಖ ಇದ್ದರಂತೂ ಇನ್ನೂ ಭಾರ. ನಮ್ಮ ಸ್ಲೈಡಿನಲ್ಲಿ ಎರಡೂ ಫೋಟೊ ಬಲಗಡೆ ಇವೆ, ಎಡಗಡೆ ತೆಳು ಅಕ್ಷರದ ಸಾಲುಗಳಿವೆ. ಅದಕ್ಕೇ ವಾಲುತ್ತಿದೆ. ಒಂದು ಫೋಟೊವನ್ನು ಎಡಕ್ಕೆ ತಂದರೆ ವಾಲುವುದು ನಿಲ್ಲಬಹುದು, ಆದರೆ ಖಾಲಿ ಜಾಗ ಮತ್ತೆ ಚೂರಾಗುತ್ತದೆ.

ಹೀಗೆ ಮಾಡಿ. ಡ್ರಮ್ಮಿನ ಫೋಟೊ ತೆಗೆದುಹಾಕಿ. ಪೈಪಿನ ಫೋಟೊವನ್ನು ಕತ್ತರಿಸಿ 12 ಸೆಂ.ಮೀ. ಅಗಲದ ಪಟ್ಟಿ ಮಾಡಿ, ಬಲತುದಿಗೆ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಹೊಂದಿಸಿ. ಎಡಗಡೆ ಅಂಚಿನ ಗೆರೆಗೆ ತಾಗಿದಂತೆ ಶೀರ್ಷಿಕೆ ಬರಲಿ: ‘1,000 ಚದರಡಿ ಚಾವಣಿಯಿಂದ ವರ್ಷಕ್ಕೆ ಸಿಗುವ ನೀರು’. ಅದರ ಕೆಳಗೆ ‘70,000 ಲೀಟರ್’ ಎಂದು 60 ಪಾಯಿಂಟ್‌ನಲ್ಲಿ, ದಪ್ಪಕ್ಷರದಲ್ಲಿ, ಕಡುನೀಲಿ ಬಣ್ಣದಲ್ಲಿ ಬರೆಯಿರಿ. ಬಲಗಡೆಯ ಇಡೀ ಫೋಟೊವನ್ನು ತೂಗಿಸಲು ಈ ಒಂದು ಸಾಲು ಸಾಕು. ಎರಡು ಬದಿಯಲ್ಲೂ ಒಂದೇ ಅಳತೆಯ ವಸ್ತು ಇರಬೇಕು ಎಂದೇನಿಲ್ಲ. ಅಂಕಿಯ ಕೆಳಗೆ ಸಣ್ಣಕ್ಷರದಲ್ಲಿ ಲೆಕ್ಕದ ವಿವರ ಒಂದು ಸಾಲು. ಅಲ್ಲಿಂದ ಕೆಳಗೆ ಏನೂ ಬೇಡ.

ಆ ಕೆಳಗಿನ ಎಡಭಾಗವೇ ನಾವು ಕೂಡಿಸಿದ ಖಾಲಿ ಜಾಗ. ಅಲ್ಲಿ ಏನಾದರೂ ಹಾಕೋಣ ಎಂದು ಕೈ ತುರಿಸುತ್ತದೆ, ತಡೆದುಕೊಳ್ಳಿ. ಸಮುದಾಯ ಭವನಗಳಲ್ಲಿ ಪರದೆಯ ಕೆಳಭಾಗ ಹೇಗೂ ಮುಂದಿನವರ ತಲೆಗಳ ಹಿಂದೆ ಮರೆಯಾಗುತ್ತದೆ.

4. ಸಂದುಗಳ ಲೆಕ್ಕ

ಒಂದಕ್ಕೊಂದು ಸೇರಿದವು ಹತ್ತಿರ, ಸೇರದವು ದೂರ. ದೊಡ್ಡ ಅಂಕಿಗೂ ಅದರ ವಿವರಕ್ಕೂ ನಡುವೆ ಒಂದು ಸೆಂ.ಮೀ.ಗಿಂತ ಕಡಿಮೆ, ಶೀರ್ಷಿಕೆಗೂ ಅಂಕಿಗೂ ನಡುವೆ ಅದರ ಎರಡರಷ್ಟು, ಅಕ್ಷರಗಳಿಗೂ ಫೋಟೊಗೂ ನಡುವೆ ಕನಿಷ್ಠ 2 ಸೆಂ.ಮೀ. ಎಲ್ಲ ಸಂದು ಒಂದೇ ಸಮ ಇದ್ದರೆ ಯಾವುದು ಯಾವುದಕ್ಕೆ ಸೇರಿದ್ದು ಎಂದು ತಿಳಿಯುವುದಿಲ್ಲ.

ಕನ್ನಡಕ್ಕೆ ಇನ್ನೊಂದು ಕಷ್ಟ ಇದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು, ಏತ್ವಗಳು ಮೇಲೆ ಏರುತ್ತವೆ. ಸಾಲುಗಳ ಅಂತರ 0.9 ಎಂದಿದ್ದರೆ ಇಂಗ್ಲಿಷಿಗೆ ನಡೆಯುತ್ತದೆ, ಕನ್ನಡದಲ್ಲಿ ‘ಷ್ಟ್ರ’ದಂಥ ಒತ್ತು ಕೆಳಸಾಲಿನ ತಲೆಗೆ ತಾಗಬಹುದು. `Line Spacing`ನಲ್ಲಿ `Multiple` ಆರಿಸಿ 1.1 ಅಥವಾ 1.2 ಕೊಡಿ. ಎರಡೂ ಬದಿ ಸಮ ಮಾಡುವ `Justify` ಮಾತ್ರ ಬೇಡವೇ ಬೇಡ. ನಮ್ಮ ಪದಗಳು ಉದ್ದ, ಒಂದು ಸಾಲಿಗೆ ಮೂರು ನಾಲ್ಕು ಬಂದರೆ ಹೆಚ್ಚು. ಅವನ್ನು ಎಳೆದು ಹಿಗ್ಗಿಸಿದರೆ ನಡುನಡುವೆ ದೊಡ್ಡ ತೂತು ಬೀಳುತ್ತವೆ.

5. ಸರಿಯಾಯಿತೇ ಎಂದು ನೋಡುವುದು

`View`ನಲ್ಲಿ `Slide Sorter` ತೆರೆದು ಸ್ಲೈಡನ್ನು ಚಿಕ್ಕದಾಗಿಸಿ. ಅಕ್ಷರ ಓದಲಾಗದಷ್ಟು ಚಿಕ್ಕದಾದಾಗ ಖಾಲಿ ಜಾಗ ಒಂದೇ ಆಕಾರವಾಗಿ ಕಾಣಬೇಕು. ನಾಲ್ಕೈದು ತುಣುಕಾಗಿ ಕಂಡರೆ ಇನ್ನೂ ಸರಿಸುವ ಕೆಲಸ ಬಾಕಿ ಇದೆ. ವಾಲುತ್ತಿದೆಯೇ ಎಂದು ನೋಡಲು ಸ್ಲೈಡಿನ ಫೋಟೊ ತೆಗೆದು ಮೊಬೈಲನ್ನು ತಲೆಕೆಳಗು ಹಿಡಿಯಿರಿ, ಚಿತ್ರ ತಿರುಗದಂತೆ ಲಾಕ್ ಮಾಡಿಕೊಂಡು. ಓದುವ ಅಭ್ಯಾಸ ಅಡ್ಡ ಬರದೆ ಬರೀ ಭಾರ ಕಾಣುತ್ತದೆ.

ಸಭೆಗೆ ಮೊದಲು ಮನೆಮನೆಗೆ ಹಂಚಿ ಓದಿಸುವ ಪ್ರತಿಗೆ ಇಷ್ಟು ಖಾಲಿ ಬಿಡಬೇಕಿಲ್ಲ. ಅದಕ್ಕೆ ಆ ಏಳು ಸಾಲು ಬೇಕೇ ಬೇಕು. ಒಂದೇ ಸ್ಲೈಡಿನಲ್ಲಿ ಎರಡನ್ನೂ ಮಾಡಲು ಹೋಗದೆ, `Notes Pages` ರೂಪದಲ್ಲಿ ಪ್ರಿಂಟ್ ತೆಗೆಯಿರಿ. ಮೇಲೆ ಸ್ಲೈಡ್, ಕೆಳಗೆ ನೀವು ಇಳಿಸಿಟ್ಟ ವಿವರ ಬರುತ್ತದೆ. ಇನ್ನು ಲೋಗೋ. ಅದನ್ನು ಪ್ರತಿ ಸ್ಲೈಡಿಗೂ ಹಾಕುವುದು ವಾಡಿಕೆ, ನನಗಂತೂ ಮೊದಲ ಸ್ಲೈಡಿನಲ್ಲಿ ಇದ್ದರೆ ಸಾಕು ಅನ್ನಿಸುತ್ತದೆ. ಅಧ್ಯಕ್ಷರು ಬಿಡುವುದಿಲ್ಲ ಎಂದಾದರೆ `Slide Master`ನಲ್ಲಿ ಕೆಳಗಿನ ಎಡಮೂಲೆಗೆ, ಅಂಚಿನ ಗೆರೆಗೆ ಸರಿಯಾಗಿ, ಒಂದು ಸೆಂ.ಮೀ. ಎತ್ತರಕ್ಕೆ ಚಿಕ್ಕದಾಗಿ ಕೂರಿಸಿ.